ವಿಭಾಗಗಳ ಮೊತ್ತ 1,180 ಕೋಟಿ, ಕಂಪನಿಯ ವರಮಾನ 1,000 ಕೋಟಿ: ಈ ಸೆಗ್ಮೆಂಟ್ ಪಟ್ಟಿ ಓದೋದು ಹೇಗೆ?

ಸಕಲೇಶಪುರ ತೋಟ

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ರೋಬಸ್ಟಾ ಕೊಳ್ಳುವ, ಷೇರುಪೇಟೆಯಲ್ಲೂ ಇರುವ ಒಂದು ಕಾಫಿ ಕಂಪನಿಯ ವಾರ್ಷಿಕ ವರದಿ ಮುಂದಿಟ್ಟುಕೊಂಡು ಕೂತಿದ್ದೇನೆ. ಹೆಸರು ಬೇಡ. ಅಂಕಿಗಳನ್ನೂ ಲೆಕ್ಕಕ್ಕೆ ಸುಲಭವಾಗಲಿ ಅಂತ ದುಂಡಗೆ ಮಾಡಿದ್ದೇನೆ. ಸ್ವಂತ ತೋಟ ಇದೆ, ಇನ್‌ಸ್ಟಂಟ್ ಕಾಫಿ ಕಾರ್ಖಾನೆ ಇದೆ, ಅಂಗಡಿಯಲ್ಲಿ ಸಿಗುವ ಪುಡಿಯ ಬ್ರ್ಯಾಂಡ್ ಒಂದಿದೆ.

```
ವಿಭಾಗದ ವರಮಾನ (ಕೋಟಿ ರೂ.)
ತೋಟ                     300
ಇನ್‌ಸ್ಟಂಟ್ ಕಾಫಿ            620
ಬ್ರ್ಯಾಂಡ್                  260
ಒಟ್ಟು                  1,180
ಕಳೆ: ಅಂತರ ವಿಭಾಗ          180
ವರಮಾನ                 1,000
```

ಎರಡು ಪ್ರಶ್ನೆ. ಈ 180 ಕೋಟಿ ಯಾವ ವಿಭಾಗದಿಂದ ಹೋಯಿತು? ಇನ್ನೊಂದು, ಪುಟ ತಿರುಗಿಸಿದರೆ ದೇಶವಾರು ಪಟ್ಟಿ ಸಿಗುತ್ತದೆ: ಭಾರತ 380, ಯುರೋಪ್ 340, ಉಳಿದ ದೇಶಗಳು 280. ಹೊರದೇಶಕ್ಕೆ ಹೋದ 340, 280 ಸೇರಿದ ಈ 620ರಲ್ಲಿ ತೋಟದ ಹುರಿಯದ ಬೀಜ, ಅಂದರೆ ಗ್ರೀನ್ ಬೀನ್ ಎಷ್ಟು, ಇನ್‌ಸ್ಟಂಟ್ ಎಷ್ಟು ಅಂತ ತಿಳಿಯುವ ದಾರಿ ಇದೆಯಾ?

ಬೇಲೂರು ಬೇಸಾಯ

180 ಅಂದ್ರೆ ಒಂದು ವಿಭಾಗ ಇನ್ನೊಂದಕ್ಕೆ ಮಾರಿದ್ದು ಕಣಣ್ಣ. ತೋಟದ ಬೀಜ ಕಾರ್ಖಾನೆಗೆ ಹೋಗುತ್ತಲ್ಲ, ಅದಕ್ಕೂ ಒಳಗೇ ಒಂದು ಬಿಲ್ಲು ಹಾಕಿಕೊಳ್ತಾರೆ. ಹೊರಗಿನವರ ದುಡ್ಡು ಬಂದಿಲ್ಲ, ಅದಕ್ಕೇ ಕೊನೆಗೆ ಕಳೆಯೋದು. ನೀವು ಮೂರೂ ವಿಭಾಗದಿಂದ ಅದರದ್ದರ ಪಾಲಿನಷ್ಟು ಕಳೆದುಬಿಡಿ. 1,180ರಲ್ಲಿ 300 ಅಂದ್ರೆ ಶೇ 25.4. ಹಾಗಾಗಿ 1,000 ಕೋಟಿಯಲ್ಲಿ ತೋಟದ್ದು ಸುಮಾರು 254 ಕೋಟಿ.

ಲೆಕ್ಕದ ಹಾಳೆ, ಹಾಸನ

ಬೇಲೂರಿನವರು ಕಾರಣ ಸರಿಯಾಗಿ ಹೇಳಿದ್ದಾರೆ, ಆದರೆ ಹಂಚಿದ ರೀತಿ ತಪ್ಪಾಗಿದೆ. ಒಳಗಿನ ಮಾರಾಟ ಎಲ್ಲ ವಿಭಾಗದಲ್ಲೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಕಚ್ಚಾ ವಸ್ತು ಕೊಡುವ ವಿಭಾಗದಲ್ಲಿ ಜಾಸ್ತಿ ಇರುತ್ತದೆ, ಗಿರಾಕಿಯ ಹತ್ತಿರ ಇರುವ ವಿಭಾಗದಲ್ಲಿ ಕಡಿಮೆ ಅಥವಾ ಸೊನ್ನೆ.

ಸಕಲೇಶಪುರದವರು ಹಾಕಿರುವ ಪಟ್ಟಿ ಮೂರು ತಿಂಗಳ ಫಲಿತಾಂಶದ ನಮೂನೆಯಲ್ಲಿದೆ. ಅದರಲ್ಲಿ ಕಳೆಯುವ ಮೊತ್ತ ಸಾಮಾನ್ಯವಾಗಿ ಕೆಳಗೆ ಒಂದೇ ಸಾಲಿನಲ್ಲಿ ಬರುತ್ತದೆ. ವಾರ್ಷಿಕ ವರದಿಯ ಕೊನೆ ಭಾಗದಲ್ಲಿ, ಅಂಗಸಂಸ್ಥೆಗಳನ್ನೂ ಸೇರಿಸಿದ ಕನ್ಸಾಲಿಡೇಟೆಡ್ ಲೆಕ್ಕಪತ್ರದ ಟಿಪ್ಪಣಿಗಳಲ್ಲಿ ನೋಡಿ. ಪಿಡಿಎಫ್‌ನಲ್ಲಿ `Inter-segment` ಅಂತ ಹುಡುಕಿದರೆ ಎರಡು ಮೂರು ಕಡೆ ಸಿಗುತ್ತದೆ. ಅದರಲ್ಲಿ ಪ್ರತಿ ವಿಭಾಗಕ್ಕೂ ಹೊರಗಿನ ಮಾರಾಟ, ಒಳಗಿನ ಮಾರಾಟ ಅಂತ ಎರಡು ಸಾಲು ಇರುವ ಪಟ್ಟಿಯೇ ನಿಮಗೆ ಬೇಕಾದದ್ದು. ಆ ಎರಡು ಸಾಲನ್ನು ಇಲ್ಲಿ ಹಾಕಿ, ಮುಂದಿನದು ನೋಡೋಣ.

ಸಕಲೇಶಪುರ ತೋಟ

ಸಿಕ್ಕಿತು ಮೇಡಂ. ತೋಟ: ಹೊರಗೆ 160, ಒಳಗೆ 140. ಇನ್‌ಸ್ಟಂಟ್: ಹೊರಗೆ 580, ಒಳಗೆ 40. ಬ್ರ್ಯಾಂಡ್: ಹೊರಗೆ 260, ಒಳಗೆ ಏನೂ ಇಲ್ಲ.

ಲೆಕ್ಕದ ಹಾಳೆ, ಹಾಸನ

ನೋಡಿ, ಹೊರಗಿನ ಮೂರೂ ಕೂಡಿದರೆ 160, 580, 260, ಸರಿಯಾಗಿ 1,000. ಒಳಗಿನದು 140 ಮತ್ತು 40, ಸರಿಯಾಗಿ 180. ಯಾವ ಸೆಗ್ಮೆಂಟ್ ಪಟ್ಟಿ ಹಿಡಿದರೂ ಮೊದಲು ಮಾಡಬೇಕಾದ ಕೆಲಸ ಇದು. ಹೊರಗಿನ ಮೊತ್ತ ಲಾಭ ನಷ್ಟದ ಪುಟದಲ್ಲಿರುವ ವರಮಾನಕ್ಕೆ ತಾಳೆಯಾಗದಿದ್ದರೆ ನೀವು ಬೇರೆ ಪಟ್ಟಿ ಹಿಡಿದಿದ್ದೀರಿ ಅಂತ ತಿಳಿಯಿರಿ. ಹೆಚ್ಚಿನ ಸಲ ಆಗುವ ತಪ್ಪು ಅಂದರೆ ವಿಭಾಗದ ಅಂಕಿಯನ್ನು ಕನ್ಸಾಲಿಡೇಟೆಡ್ ಪುಟದಿಂದ ತೆಗೆದುಕೊಂಡು, ಒಟ್ಟು ವರಮಾನವನ್ನು ಸ್ಟ್ಯಾಂಡ್‌ಅಲೋನ್ ಪುಟದಿಂದ ತೆಗೆದುಕೊಳ್ಳುವುದು. ಹೊರದೇಶದಲ್ಲಿ ಅಂಗಸಂಸ್ಥೆ ಇದ್ದರೆ ಅದರ ಮಾರಾಟ ಸ್ಟ್ಯಾಂಡ್‌ಅಲೋನ್‌ನಲ್ಲಿ ಇರುವುದೇ ಇಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ. ಗಿರಾಕಿಗಳಿಂದ ಬಂದ ವರಮಾನದಲ್ಲಿ ತೋಟದ ಪಾಲು 254 ಕೋಟಿಯಲ್ಲ, 160 ಕೋಟಿ. ಅಂದರೆ ಶೇ 16. ಇನ್‌ಸ್ಟಂಟ್ ಶೇ 58, ಬ್ರ್ಯಾಂಡ್ ಶೇ 26. ಸಮನಾಗಿ ಹಂಚಿದಾಗ ತೋಟ ಎಷ್ಟು ಉಬ್ಬಿತ್ತು ನೋಡಿ.

ಬೇಲೂರು ಬೇಸಾಯ

ಒಪ್ಪಿದೆ. ಹಾಗಾದ್ರೆ ಲಾಭದ ಲೆಕ್ಕಕ್ಕೂ 160 ತಗೊಳ್ಳೋದಾ? ತೋಟದ ವಿಭಾಗದ ಲಾಭ 66 ಕೋಟಿ ಅಂತ ಇದ್ದರೆ 160ಕ್ಕೆ ಶೇ 41 ಲಾಭ ಬಂತು. ಕಾಫಿಗೆ ಒಳ್ಳೆ ಬೆಲೆ ಇದ್ದ ವರ್ಷ, ಬಂದರೂ ಬಂತು.

ಲೆಕ್ಕದ ಹಾಳೆ, ಹಾಸನ

ಇಲ್ಲ, ಅಲ್ಲಿ 300ನ್ನೇ ತೆಗೆದುಕೊಳ್ಳಬೇಕು. ಆ 66 ಕೋಟಿಯಲ್ಲಿ ಕಾರ್ಖಾನೆಗೆ ಕೊಟ್ಟ ಬೀಜದ ಮೇಲಿನ ಲಾಭವೂ ಸೇರಿದೆ. ಮೇಲೆ ಪೂರ್ತಿ ಬೆಳೆಯ ಲಾಭ ಇಟ್ಟು ಕೆಳಗೆ ಅರ್ಧ ಬೆಳೆಯ ಮಾರಾಟ ಇಟ್ಟರೆ ಶೇಕಡಾವಾರು ಹಿಗ್ಗುತ್ತದೆ. 300ಕ್ಕೆ 66 ಅಂದರೆ ಶೇ 22. ಯಾವ ವಿಭಾಗ ಎಷ್ಟು ವರಮಾನ ತರುತ್ತದೆ ಅಂತ ಕೇಳಿದರೆ ಹೊರಗಿನ ಮಾರಾಟ ನೋಡಿ. ಯಾವ ವಿಭಾಗ ಎಷ್ಟು ಲಾಭದಲ್ಲಿ ನಡೆಯುತ್ತದೆ ಅಂತ ಕೇಳಿದರೆ ಒಳಗಿನದೂ ಸೇರಿದ ಮಾರಾಟ ನೋಡಿ.

ಆ ಶೇ 22ನ್ನೂ ಪೂರ್ತಿ ನಂಬಬೇಡಿ. ತೋಟ ಕಾರ್ಖಾನೆಗೆ ಕೊಟ್ಟ 140 ಕೋಟಿಯ ಬೀಜಕ್ಕೆ ಬೆಲೆ ಕಟ್ಟಿದ್ದು ಕಂಪನಿಯೇ. ಅದೇ ಬೆಲೆಯನ್ನು ಶೇ 10 ಇಳಿಸಿದರೆ 14 ಕೋಟಿ ತೋಟದಿಂದ ಇನ್‌ಸ್ಟಂಟ್‌ಗೆ ಹೋಗುತ್ತದೆ. ತೋಟದ ಲಾಭ 52ಕ್ಕೆ ಇಳಿಯುತ್ತದೆ. ಕೊಂಡ ಬೀಜವೆಲ್ಲ ಪುಡಿಯಾಗಿ ಮಾರಾಟವಾಗಿದ್ದರೆ ಇನ್‌ಸ್ಟಂಟ್ ಲಾಭ ಅಷ್ಟೇ ಏರುತ್ತದೆ, ಕಂಪನಿಯ ಒಟ್ಟು ಲಾಭ ಒಂದು ರೂಪಾಯಿಯೂ ಬದಲಾಗುವುದಿಲ್ಲ. ಒಳ ವರ್ಗಾವಣೆಗೆ ಯಾವ ಆಧಾರದಲ್ಲಿ ಬೆಲೆ ಕಟ್ಟಿದ್ದಾರೆ ಅಂತ ಸೆಗ್ಮೆಂಟ್ ಪಟ್ಟಿಯ ಲೆಕ್ಕಪತ್ರ ನಿಯಮವಾದ ಇಂಡ್ ಎಎಸ್ 108ರ ಪ್ರಕಾರ ಟಿಪ್ಪಣಿಯಲ್ಲಿ ಹೇಳಬೇಕು. ಮಾರುಕಟ್ಟೆ ಬೆಲೆಯೋ, ಉತ್ಪಾದನಾ ವೆಚ್ಚವೋ ಅನ್ನುವ ಒಂದು ವಾಕ್ಯ ಇರುತ್ತದೆ, ಅದನ್ನು ಓದದೆ ಮುಂದೆ ಹೋಗಬೇಡಿ.

ಮೂಡಿಗೆರೆ ಮಳೆ

ಇದಕ್ಕೆ ಒಂದು ಮಾತು ಸೇರಿಸ್ತೀನಿ. ಮಾರುಕಟ್ಟೆ ಬೆಲೆ ಅಂತ ಬರೆದಿದ್ದರೂ ಯಾವ ದಿನದ ಬೆಲೆ ಅನ್ನೋದು ಮುಖ್ಯ. ರೋಬಸ್ಟಾ ಕೊಯ್ಲು ಡಿಸೆಂಬರ್ ಜನವರಿಯಿಂದ ಮಾರ್ಚ್ ತನಕ. ಕ್ಯೂರಿಂಗ್ ಮುಗಿದು ಬೀಜ ಕಾರ್ಖಾನೆಗೆ ಹೋಗೋ ಹೊತ್ತಿಗೆ ಮಾರ್ಚ್ 31 ದಾಟಿರುತ್ತೆ, ಇಲ್ಲಾ ಕಾರ್ಖಾನೆಗೆ ಹೋಗಿದ್ದರೂ ಗೋದಾಮಿನಲ್ಲೇ ಕೂತಿರುತ್ತೆ. ಹಾಗೆ ಕೂತ ಬೀಜದ ಮೇಲೆ ತೋಟ ತೋರಿಸಿದ ಲಾಭವನ್ನ ಕನ್ಸಾಲಿಡೇಟೆಡ್ ಲೆಕ್ಕದಲ್ಲಿ ತೆಗೆದುಹಾಕಬೇಕು, ಯಾಕಂದ್ರೆ ಹೊರಗಿನವರಿಗೆ ಇನ್ನೂ ಮಾರಿಲ್ಲ. ಹಾಗಾಗಿ ವಿಭಾಗಗಳ ಲಾಭ ಕೂಡಿದಾಗ ಬರೋ ಮೊತ್ತಕ್ಕೂ ಕಂಪನಿಯ ಲಾಭಕ್ಕೂ ನಡುವೆ ಇನ್ನೊಂದು ಸಣ್ಣ ಕಳೆಯುವ ಸಾಲು ಕಂಡರೆ ಗಾಬರಿ ಬೀಳಬೇಡಿ.

ಇನ್ನೊಂದು. ಇಂಥ ಕಂಪನಿಯ ಮೂರು ತಿಂಗಳ ಪಟ್ಟಿಯನ್ನ ಹಿಂದಿನ ಮೂರು ತಿಂಗಳಿಗೆ ಹೋಲಿಸೋದು ವ್ಯರ್ಥ. ಜುಲೈ ಸೆಪ್ಟೆಂಬರ್‌ನಲ್ಲಿ ಗಿಡದಲ್ಲಿ ಕಾಯಿ ಇರುತ್ತೆ, ಖರ್ಚು ಮಾತ್ರ ನಡೀತಿರುತ್ತೆ. ಹೋದ ವರ್ಷದ ಅದೇ ಮೂರು ತಿಂಗಳ ಜೊತೆ ಇಟ್ಟು ನೋಡಿ.

ಅರಕಲಗೂಡು ಹೊಲ

ನನ್ನದು ಹೊಗೆಸೊಪ್ಪು. ರಾಮನಾಥಪುರ ಹರಾಜು ಮಾರುಕಟ್ಟೆಗೆ ಹಾಕೋದು. ಐಟಿಸಿಯ ಪಟ್ಟಿ ನೋಡಿದೆ, ಅದರಲ್ಲಿ ಅಗ್ರಿ ಬಿಸಿನೆಸ್ ಅಂತ ಒಂದು ವಿಭಾಗ ಇದೆ. ದೇಶವಾರು ಪಟ್ಟಿಯಲ್ಲಿ ಭಾರತ ಅಂತ ಒಂದೇ ಸಾಲು. ಕರ್ನಾಟಕದಿಂದ ಎಷ್ಟು ಕೊಂಡರು, ಆಂಧ್ರದಿಂದ ಎಷ್ಟು ಕೊಂಡರು ಅಂತ ಇದರಲ್ಲಿ ಎಲ್ಲಿ ಬರುತ್ತೆ ಹೇಳಿ.

ಲೆಕ್ಕದ ಹಾಳೆ, ಹಾಸನ

ಬರುವುದಿಲ್ಲ ಅಣ್ಣ. ದೇಶವಾರು ಪಟ್ಟಿ ಹೇಳುವುದು ಮಾರಾಟ ಯಾರಿಗೆ ಆಯಿತು ಅಂತ, ಖರೀದಿ ಎಲ್ಲಿಂದ ಆಯಿತು ಅಂತ ಅಲ್ಲ. ರಾಜ್ಯವಾರು ವಿಂಗಡಿಸಬೇಕು ಅಂತ ನಿಯಮವೂ ಇಲ್ಲ. ಸ್ವಂತ ದೇಶ ಒಂದು ಸಾಲು, ಹೊರದೇಶಗಳೆಲ್ಲ ಸೇರಿ ಒಂದು ಸಾಲು ಕೊಟ್ಟರೂ ನಡೆಯುತ್ತದೆ. ಹೊರಗಿನ ಯಾವುದಾದರೂ ಒಂದೇ ದೇಶದ ಮೊತ್ತ ದೊಡ್ಡದಾಗಿದ್ದರೆ ಮಾತ್ರ ಅದನ್ನು ಬೇರೆ ತೋರಿಸಬೇಕು.

ಆದರೆ ನಿಮ್ಮ ಉದಾಹರಣೆ ಈ ಚರ್ಚೆಗೆ ಚೆನ್ನಾಗಿ ಒದಗುತ್ತದೆ. ಆ ಕಂಪನಿಯಲ್ಲಿ ಸಿಗರೇಟು ಒಂದು ವಿಭಾಗ, ಅಗ್ರಿ ಇನ್ನೊಂದು. ಅಗ್ರಿ ವಿಭಾಗ ಕೊಂಡ ಹೊಗೆಸೊಪ್ಪಿನಲ್ಲಿ ಒಂದಷ್ಟು ಸಿಗರೇಟು ವಿಭಾಗಕ್ಕೇ ಹೋಗುತ್ತದೆ. ಹಾಗಾಗಿ ಅಲ್ಲೂ ಅಗ್ರಿಯ ಒಟ್ಟು ಮಾರಾಟ ಒಂದು, ಹೊರಗಿನ ಮಾರಾಟ ಇನ್ನೊಂದು. ತೋಟ ಮತ್ತು ಕಾರ್ಖಾನೆಯ ಸಂಬಂಧವೇ.

ಅರಕಲಗೂಡು ಹೊಲ

ಆಯ್ತು. ಖರೀದಿ ಲೆಕ್ಕಕ್ಕೆ ಟೊಬ್ಯಾಕೊ ಬೋರ್ಡಿನ ಹರಾಜು ಅಂಕಿಯನ್ನೇ ನೋಡ್ತೀನಿ.

ಐ.ಜಿ. ರಸ್ತೆ, ಚಿಕ್ಕಮಗಳೂರು

ಎರಡನೇ ಪ್ರಶ್ನೆ ಹಾಗೇ ಉಳೀತು. ನನಗೆ ಗೊತ್ತಿರೋ ಹಾಗೆ ದೇಶವಾರು ಅಂದ್ರೆ ಆಸ್ತಿ ಎಲ್ಲಿದೆ ಅನ್ನೋದರ ಮೇಲೆ. ಯುರೋಪ್ 340 ಅಂದ್ರೆ ಆ ಕಂಪನಿಗೆ ಯುರೋಪಿನಲ್ಲಿ ಕಾರ್ಖಾನೆಯೋ ಅಂಗಸಂಸ್ಥೆಯೋ ಇರಬೇಕು. ಅಲ್ಲಿನ ಅಂಗಸಂಸ್ಥೆಯ ಲೆಕ್ಕ ತೆಗೆದರೆ ಉತ್ತರ ಸಿಗುತ್ತೆ ಅಲ್ವಾ?

ಲೆಕ್ಕದ ಹಾಳೆ, ಹಾಸನ

ಆ ಪುಟದಲ್ಲಿ ಎರಡು ಪಟ್ಟಿ ಒತ್ತೊತ್ತಾಗಿ ಇರುತ್ತವೆ, ಅದರಿಂದ ಈ ಗೊಂದಲ. ಒಂದು, ವರಮಾನ ಯಾವ ದೇಶದ್ದು. ಎರಡು, ಕಟ್ಟಡ ಯಂತ್ರದಂಥ ದೀರ್ಘಾವಧಿ ಆಸ್ತಿ ಯಾವ ದೇಶದಲ್ಲಿದೆ. ಆಸ್ತಿಯ ಪಟ್ಟಿ ನೀವು ಹೇಳಿದ ಹಾಗೇ ಆಸ್ತಿ ಇರುವ ಜಾಗ ನೋಡುತ್ತದೆ. ವರಮಾನದ ಪಟ್ಟಿಯನ್ನು ಹೆಚ್ಚಿನ ಕಂಪನಿಗಳು ಗಿರಾಕಿ ಇರುವ ಜಾಗ ನೋಡಿ ಮಾಡುತ್ತವೆ. ಆಧಾರ ಯಾವುದು ಅಂತ ಅಲ್ಲೇ ಕೆಳಗೆ ಒಂದು ಸಾಲಿನಲ್ಲಿ ಬರೆದಿರುತ್ತದೆ.

ಸಕಲೇಶಪುರದವರೇ, ನಿಮ್ಮ ವರದಿಯಲ್ಲಿ ಆಸ್ತಿಯ ಸಾಲು ಏನು ಹೇಳುತ್ತದೆ?

ಸಕಲೇಶಪುರ ತೋಟ

ಭಾರತ 410, ಉಳಿದ ದೇಶಗಳು 190. ಯುರೋಪಿನ ಎದುರಿಗೆ ಗೆರೆ ಮಾತ್ರ ಇದೆ. ಏಷ್ಯಾದಲ್ಲಿ ಒಂದು ಕಾರ್ಖಾನೆ ಇದೆ ಅಂತ ಬೇರೆ ಪುಟದಲ್ಲಿ ಓದಿದೆ.

ಲೆಕ್ಕದ ಹಾಳೆ, ಹಾಸನ

ಹಾಗಾದರೆ ಯುರೋಪಿನ 340 ಕೋಟಿ ಪೂರ್ತಿ ಇಲ್ಲಿಂದಲೋ ಆ ಏಷ್ಯಾ ಕಾರ್ಖಾನೆಯಿಂದಲೋ ಹಡಗಿಗೆ ಹಾಕಿ ಮಾರಿದ್ದು. ಅಲ್ಲಿ ಕಾರ್ಖಾನೆ ಇಲ್ಲ. ಅಂಗಸಂಸ್ಥೆ ಹುಡುಕಿದರೆ ಮಾರಾಟದ ಕಚೇರಿ ಸಿಕ್ಕೀತು, ಅಷ್ಟೇ.

ಮೂಡಿಗೆರೆ ಮಳೆ

ಯುರೋಪ್ ಅನ್ನೋ ಹೆಸರಿನಲ್ಲೂ ಎಚ್ಚರ ಬೇಕು. ಗ್ರೀನ್ ಬೀನ್ ವ್ಯಾಪಾರದ ದೊಡ್ಡ ಕಂಪನಿಗಳು ಎಷ್ಟೋ ಸ್ವಿಟ್ಜರ್ಲೆಂಡ್‌ನಲ್ಲಿವೆ. ಬಿಲ್ಲು ಅಲ್ಲಿಗೆ, ಮೂಟೆ ಇಟಲಿಯ ಬಂದರಿಗೋ ಇನ್ನೆಲ್ಲಿಗೋ. ಗಿರಾಕಿಯ ವಿಳಾಸ ನೋಡಿ ಪಟ್ಟಿ ಮಾಡಿದ್ದರೆ ಕಾಫಿ ಕುಡಿದ ದೇಶ ಅದರಲ್ಲಿ ಕಾಣಲ್ಲ. ಇನ್ಫೋಸಿಸ್ ಕೂಡ ತನ್ನ ಟಿಪ್ಪಣಿಯಲ್ಲಿ ಇದನ್ನ ನೇರವಾಗಿ ಹೇಳುತ್ತೆ, ಯಾವ ಗಿರಾಕಿಗೆ ಇನ್‌ವಾಯ್ಸ್ ಹೋಯಿತೋ ಆ ಗಿರಾಕಿ ಇರೋ ಜಾಗ ಅಂತ. ಅಲ್ಲಿ ಉತ್ತರ ಅಮೆರಿಕ, ಯುರೋಪ್, ಭಾರತ, ಉಳಿದ ದೇಶಗಳು ಅಂತ ನಾಲ್ಕೇ ಗುಂಪು. ಒಂದು ದೇಶದ ಬೇಡಿಕೆ ಕುಸಿಯಿತು ಅಂತ ಈ ಪಟ್ಟಿ ನೋಡಿ ತೀರ್ಮಾನಿಸಿದರೆ ಎಡವೋದು ಇಲ್ಲೇ. ವ್ಯಾಪಾರಿ ಕಚೇರಿ ಬದಲಿಸಿದರೂ ಅಂಕಿ ಜರುಗುತ್ತೆ.

ಐ.ಜಿ. ರಸ್ತೆ, ಚಿಕ್ಕಮಗಳೂರು

ಸರಿ, ತಿದ್ದಿಕೊಂಡೆ. ಹಾಗಾದ್ರೆ ಯಾವ ವಿಭಾಗ ಯಾವ ದೇಶಕ್ಕೆ ಎಷ್ಟು ಮಾರಿತು ಅನ್ನೋ ಪಟ್ಟಿ ಇರೋದೇ ಇಲ್ವಾ?

ಲೆಕ್ಕದ ಹಾಳೆ, ಹಾಸನ

ಸೆಗ್ಮೆಂಟ್ ಟಿಪ್ಪಣಿಯಲ್ಲಿ ಅದು ಕಡ್ಡಾಯವಲ್ಲ. ಕಂಪನಿಯನ್ನು ನಡೆಸುವವರು ಒಳಗೆ ಹೇಗೆ ನೋಡುತ್ತಾರೋ ಹಾಗೆ ವಿಭಾಗ ಮಾಡುತ್ತಾರೆ. ಇಲ್ಲಿ ಕೆಲಸದ ಪ್ರಕಾರ ಮಾಡಿದ್ದಾರೆ, ಅದಕ್ಕೆ ಲಾಭ ಸಿಗುತ್ತದೆ. ದೇಶವಾರು ಪಟ್ಟಿ ಇಡೀ ಕಂಪನಿಯದ್ದು, ಅದರಲ್ಲಿ ವರಮಾನ ಮತ್ತು ಆಸ್ತಿ ಬಿಟ್ಟರೆ ಲಾಭ ಇರುವುದಿಲ್ಲ. ವರಮಾನದ ಟಿಪ್ಪಣಿಯಲ್ಲಿ, ಅಂದರೆ ಇಂಡ್ ಎಎಸ್ 115ರ ಕೆಳಗೆ, ಕೆಲವರು ಎರಡನ್ನೂ ಸೇರಿಸಿದ ಪಟ್ಟಿ ಕೊಡುತ್ತಾರೆ. ಮೊದಲು ಅಲ್ಲಿ ಹುಡುಕಿ.

ಅದು ಇಲ್ಲದಿದ್ದರೂ ಎರಡು ಪಟ್ಟಿ ಇಟ್ಟುಕೊಂಡು ಮಿತಿ ಕಂಡುಹಿಡಿಯಬಹುದು. ಬ್ರ್ಯಾಂಡಿನ ಪುಡಿ ಎಲ್ಲಿ ಮಾರುತ್ತಾರೆ ಅಂತ ಆಡಳಿತ ಮಂಡಳಿಯ ವರದಿಯಲ್ಲಿ ಏನಾದರೂ ಇದೆಯಾ?

ಸಕಲೇಶಪುರ ತೋಟ

ಇದೆ. ಬ್ರ್ಯಾಂಡ್ ಪೂರ್ತಿ ದೇಶದೊಳಗೇ, ರಫ್ತು ಇಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಹುಡುಕಿದೆ, ಎರಡೂ ಸೇರಿದ ಪಟ್ಟಿ ಇಲ್ಲ.

ಲೆಕ್ಕದ ಹಾಳೆ, ಹಾಸನ

ಅಷ್ಟು ಸಾಕು. ಭಾರತದ ಮಾರಾಟ 380. ಅದರಲ್ಲಿ ಬ್ರ್ಯಾಂಡ್ 260 ತೆಗೆದರೆ ಉಳಿದದ್ದು 120. ಈ 120 ತೋಟ ಮತ್ತು ಇನ್‌ಸ್ಟಂಟ್ ಸೇರಿ ದೇಶದೊಳಗೆ ಮಾರಿದ್ದು.

ಈಗ ಎರಡು ತುದಿ ಹಿಡಿಯೋಣ. ಆ 120 ಪೂರ್ತಿ ತೋಟದ್ದೇ ಅಂದುಕೊಂಡರೆ, ತೋಟದ ಹೊರಗಿನ ಮಾರಾಟ 160ರಲ್ಲಿ 40 ಮಾತ್ರ ವಿದೇಶಕ್ಕೆ, ಇನ್‌ಸ್ಟಂಟ್ 580 ಪೂರ್ತಿ ವಿದೇಶಕ್ಕೆ. ಆ 120 ಪೂರ್ತಿ ಇನ್‌ಸ್ಟಂಟ್‌ದೇ ಅಂದುಕೊಂಡರೆ, ತೋಟದ 160 ಪೂರ್ತಿ ವಿದೇಶಕ್ಕೆ, ಇನ್‌ಸ್ಟಂಟ್ 460 ವಿದೇಶಕ್ಕೆ. ಎರಡೂ ಕಡೆ ಕೂಡಿದರೆ 620 ಬರುತ್ತದೆ, ತಾಳೆ ಸರಿಯಾಗಿದೆ.

```
ವಿದೇಶಕ್ಕೆ (ಕೋಟಿ ರೂ.)     ಕನಿಷ್ಠ    ಗರಿಷ್ಠ
ತೋಟದ ಗ್ರೀನ್ ಬೀನ್          40     160
ಇನ್‌ಸ್ಟಂಟ್ ಕಾಫಿ           460     580
```

ಅಂದರೆ ನಿಮ್ಮ ಪ್ರಶ್ನೆಗೆ ಉತ್ತರ, 620ರಲ್ಲಿ ಗ್ರೀನ್ ಬೀನ್ ಹೇಗೆ ನೋಡಿದರೂ 160ಕ್ಕಿಂತ ಹೆಚ್ಚಿಲ್ಲ. ಹೊರದೇಶದ ಮಾರಾಟದ ಸುಮಾರು ಮುಕ್ಕಾಲು ಭಾಗ, ಜಾಸ್ತಿ ಇದ್ದರೂ ಇರಬಹುದು, ಇನ್‌ಸ್ಟಂಟ್. ಇಷ್ಟಂತೂ ಖಚಿತ. ಬರೀ ಶೇಕಡಾವಾರು ಹಂಚಿ ಒಂದೇ ಅಂಕಿ ಹೇಳುವುದಕ್ಕಿಂತ ಈ ಮಿತಿ ನಂಬಲು ಅರ್ಹ.

ಬೇಲೂರು ಬೇಸಾಯ

ಇದು ಚೆನ್ನಾಗಿದೆ. ನಾನು ಇಷ್ಟು ದಿನ ದೇಶದ ಶೇಕಡಾವಾರನ್ನ ವಿಭಾಗಕ್ಕೆ ಗುಣಿಸಿಕೊಂಡು ಬಿಡ್ತಿದ್ದೆ. ಹಾಗೆ ಮಾಡಿದ್ರೆ 260ರ ಬ್ರ್ಯಾಂಡಿನಲ್ಲೂ ಶೇ 62 ರಫ್ತು ಅಂತ ಬರುತ್ತೆ, ಅದು ಇಲ್ಲವೇ ಇಲ್ಲ.

ಮೂಡಿಗೆರೆ ಮಳೆ

ಮಿತಿಯನ್ನ ಇನ್ನೂ ಬಿಗಿ ಮಾಡಬಹುದು. ಒಬ್ಬನೇ ಗಿರಾಕಿಯಿಂದ ಒಟ್ಟು ವರಮಾನದ ಶೇ 10 ಅಥವಾ ಹೆಚ್ಚು ಬಂದಿದ್ದರೆ ಆ ಮೊತ್ತವನ್ನೂ, ಅದು ಯಾವ ವಿಭಾಗದ್ದು ಅನ್ನೋದನ್ನೂ ಟಿಪ್ಪಣಿಯಲ್ಲಿ ಹೇಳಬೇಕು. ಹೆಸರು ಹೇಳಬೇಕಿಲ್ಲ. ಇನ್‌ಸ್ಟಂಟ್ ವಿಭಾಗದಲ್ಲಿ ಹಾಗೊಬ್ಬ ವಿದೇಶಿ ಗಿರಾಕಿ ಇದ್ದರೆ ಯಾವ ತುದಿ ನಿಜಕ್ಕೆ ಹತ್ತಿರ ಅಂತ ಒಂದು ಸುಳಿವು ಸಿಗುತ್ತೆ. ಆ ಸಾಲು ಇದೆಯಾ ನೋಡಿ ಅಣ್ಣ.

ಸಕಲೇಶಪುರ ತೋಟ

ಒಬ್ಬ ಗಿರಾಕಿ, 130 ಕೋಟಿ, ಇನ್‌ಸ್ಟಂಟ್ ವಿಭಾಗ ಅಂತ ಇದೆ. ದೇಶ ಹೇಳಿಲ್ಲ.

ಮೂಡಿಗೆರೆ ಮಳೆ

ದೇಶ ಹೇಳಿಲ್ಲ ಅಂದ್ರೂ ಲೆಕ್ಕ ಹೇಳುತ್ತೆ. ಬ್ರ್ಯಾಂಡ್ ಬಿಟ್ಟು ಭಾರತದಲ್ಲಿ ಮಾರಿದ್ದೇ 120. ಹಾಗಾಗಿ 130 ಕೋಟಿಯ ಈ ಗಿರಾಕಿಗೆ ಪೂರ್ತಿ ಭಾರತದಲ್ಲೇ ಮಾರಿರೋಕೆ ಸಾಧ್ಯವಿಲ್ಲ. ಗುಂಪು ಕಂಪನಿಗಳನ್ನ ಒಬ್ಬ ಗಿರಾಕಿ ಅಂತ ಲೆಕ್ಕ ಹಾಕ್ತಾರೆ, ಅದಕ್ಕೇ ಪೂರ್ತಿ ಅನ್ನೋ ಮಾತು ಸೇರಿಸಿದೆ. ಆದ್ರೆ ಮೇಲಿನ ಕನಿಷ್ಠ ಗರಿಷ್ಠ ಇದರಿಂದ ಬದಲಾಗಲ್ಲ. 460ರ ಒಳಗೇ ಇದು ಅಡಗುತ್ತೆ.

ಐ.ಜಿ. ರಸ್ತೆ, ಚಿಕ್ಕಮಗಳೂರು

ಇನ್ನೊಂದು ಸಂದೇಹ. ಹೋದ ವರ್ಷದ ವರದಿ ತೆಗೆದು ನೋಡಿದರೆ ಬ್ರ್ಯಾಂಡ್ ವಿಭಾಗದ ಅಂಕಿ ಒಂದು, ಈ ವರ್ಷದ ವರದಿಯಲ್ಲಿ ಹೋದ ವರ್ಷದ ಅಂಕಣದಲ್ಲಿ ಇರೋದೇ ಇನ್ನೊಂದು. ನಾನು ನೋಡಿದ ಬೇರೊಂದು ಕಂಪನಿಯಲ್ಲಿ ಹಾಗಿತ್ತು. ಯಾವುದನ್ನ ನಂಬೋದು?

ಲೆಕ್ಕದ ಹಾಳೆ, ಹಾಸನ

ವಿಭಾಗಗಳ ಗಡಿ ಬದಲಾಯಿಸಿರಬೇಕು. ಹಾಗೆ ಬದಲಿಸಿದಾಗ ಹಿಂದಿನ ವರ್ಷದ ಅಂಕಿಯನ್ನೂ ಹೊಸ ಗಡಿಗೆ ಹೊಂದಿಸಿ ಮತ್ತೆ ತೋರಿಸಬೇಕು ಅನ್ನುವುದು ನಿಯಮ. ಬೆಳವಣಿಗೆ ಲೆಕ್ಕ ಹಾಕುವಾಗ ಎರಡೂ ವರ್ಷವನ್ನು ಹೊಸ ವರದಿಯಿಂದಲೇ ತೆಗೆದುಕೊಳ್ಳಿ. ಹಳೆ ವರದಿ ಬಿಸಾಡಬೇಡಿ. ಎರಡರ ವ್ಯತ್ಯಾಸ ನೋಡಿದರೆ ಯಾವ ವ್ಯವಹಾರ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಗೊತ್ತಾಗುತ್ತದೆ.

ಸಕಲೇಶಪುರ ತೋಟ

ಕೊನೆಯದಾಗಿ ಲಾಭದ ಸಾಲು. ತೋಟ 66, ಇನ್‌ಸ್ಟಂಟ್ 93, ಬ್ರ್ಯಾಂಡ್ ನಷ್ಟ 9. ಒಟ್ಟು 150. ಅದರಲ್ಲಿ ಬಡ್ಡಿ 28, ಯಾವ ವಿಭಾಗಕ್ಕೂ ಹಂಚದ ಖರ್ಚು 22 ಕಳೆದು ತೆರಿಗೆಗೆ ಮೊದಲಿನ ಲಾಭ 100. ಹೋದ ವರ್ಷ ಬ್ರ್ಯಾಂಡ್ ನಷ್ಟ 20, ಹಂಚದ ಖರ್ಚು 11 ಇತ್ತು. ಬ್ರ್ಯಾಂಡ್ ನಿಜವಾಗಲೂ ಸುಧಾರಿಸಿತಾ?

ಬೇಲೂರು ಬೇಸಾಯ

ನಷ್ಟ 11 ಇಳಿಯಿತು, ಹಂಚದ ಖರ್ಚು 11 ಏರಿತು. ಅಲ್ಲಿಂದ ಇಲ್ಲಿಗೆ ತಳ್ಳಿದ್ದಾರೆ, ಇನ್ನೇನು.

ಲೆಕ್ಕದ ಹಾಳೆ, ಹಾಸನ

ಎರಡು ಅಂಕಿ ಒಂದೇ ಆಗಿದೆ ಅಂತ ಮಾತ್ರಕ್ಕೆ ಹಾಗೆ ಹೇಳಲಾಗದು. ಖರ್ಚು ಹಂಚುವ ವಿಧಾನ ಬದಲಿಸಿದ್ದರೆ ಅದನ್ನೂ, ಅದರಿಂದ ವಿಭಾಗದ ಲಾಭಕ್ಕೆ ಆದ ಪರಿಣಾಮವನ್ನೂ ಟಿಪ್ಪಣಿಯಲ್ಲಿ ಹೇಳಬೇಕು. ಮೊದಲು ಆ ವಾಕ್ಯ ಹುಡುಕಿ. ಆಮೇಲೆ ಜಾಹೀರಾತು ಖರ್ಚಿನ ಸಾಲನ್ನು ಇತರೆ ವೆಚ್ಚಗಳ ಟಿಪ್ಪಣಿಯಲ್ಲಿ ನೋಡಿ. ಜಾಹೀರಾತು ನಿಜವಾಗಿಯೇ 10, 11 ಕೋಟಿ ಇಳಿದಿದ್ದರೆ ಬ್ರ್ಯಾಂಡಿನ ಸುಧಾರಣೆಗೆ ಒಂದು ಕಾರಣ ಸಿಕ್ಕಿತು, ಹಂಚದ ಖರ್ಚು ಏರಿದ್ದಕ್ಕೆ ಬೇರೆ ಕಾರಣ ಹುಡುಕಬೇಕು. ಜಾಹೀರಾತು ಹಾಗೇ ಇದ್ದು, ಬ್ರ್ಯಾಂಡಿನ ಮಾರಾಟವೂ ಹೆಚ್ಚದೆ ನಷ್ಟ ಮಾತ್ರ ಇಳಿದಿದ್ದರೆ ಬೇಲೂರಿನವರ ಅನುಮಾನಕ್ಕೆ ತೂಕ ಬರುತ್ತದೆ.

ಮೂಡಿಗೆರೆ ಮಳೆ

ನನಗೆ ಇನ್ನೊಂದು ಜಾಗದ ಮೇಲೂ ಅನುಮಾನ. ಇನ್‌ಸ್ಟಂಟ್‌ನಿಂದ ಒಳಗೆ ಮಾರಿದ 40 ಬ್ರ್ಯಾಂಡಿಗೇ ಹೋಗಿರೋದು. ಆ ಬೆಲೆ ಇಳಿಸಿದರೂ ಬ್ರ್ಯಾಂಡಿನ ನಷ್ಟ ಇಳಿಯುತ್ತೆ. ಹೋದ ವರ್ಷ ಈ 40 ಎಷ್ಟಿತ್ತು?

ಸಕಲೇಶಪುರ ತೋಟ

46. ಬ್ರ್ಯಾಂಡ್ ಮಾರಾಟ ಹೋದ ವರ್ಷ 255, ಈ ವರ್ಷ 260. ಜಾಹೀರಾತು 31ರಿಂದ 27ಕ್ಕೆ ಇಳಿದಿದೆ. ಹಂಚುವ ವಿಧಾನ ಬದಲಾಯಿತು ಅನ್ನೋ ವಾಕ್ಯ ಎಲ್ಲೂ ಸಿಗಲಿಲ್ಲ.

ಲೆಕ್ಕದ ಹಾಳೆ, ಹಾಸನ

ಜಾಹೀರಾತಿನಿಂದ ಹೆಚ್ಚೆಂದರೆ 4 ಕೋಟಿ. ಒಳಗಿನ ಖರೀದಿ ಕಡಿಮೆಯಾದದ್ದರಿಂದ 6 ಕೋಟಿ, ಆದರೆ ಅದು ಬೆಲೆ ಇಳಿದದ್ದೋ, ಪ್ರಮಾಣ ಇಳಿದದ್ದೋ ಗೊತ್ತಾಗುವುದಿಲ್ಲ. ಪ್ರಮಾಣ ಇಳಿದಿದ್ದರೆ ಆ ಪುಡಿಯನ್ನು ಹೊರಗಿನಿಂದ ಕೊಂಡಿರಬಹುದು, ಹಾಗಿದ್ದರೆ ಆ 6 ಕೋಟಿ ಪೂರ್ತಿ ಉಳಿತಾಯವಲ್ಲ. ಟನ್ ಲೆಕ್ಕ ಸೆಗ್ಮೆಂಟ್ ಪಟ್ಟಿಯಲ್ಲಿ ಇರುವುದಿಲ್ಲ. ಫಲಿತಾಂಶದ ನಂತರ ವಿಶ್ಲೇಷಕರ ಜೊತೆ ನಡೆಸಿದ ಕರೆಯ ಲಿಖಿತ ಪ್ರತಿ ಷೇರುಪೇಟೆಯ ಜಾಲತಾಣದಲ್ಲಿ ಇದ್ದರೆ, ಅದರಲ್ಲಿ ಬ್ರ್ಯಾಂಡಿನ ಟನ್ ಬಗ್ಗೆ ಯಾರಾದರೂ ಕೇಳಿದ್ದಾರಾ ನೋಡಿ.

ಸಕಲೇಶಪುರ ತೋಟ

ಪ್ರತಿ ಇದೆ, 18 ಪುಟ. ಓದಿ ಟನ್ ಅಂಕಿ ಸಿಕ್ಕರೆ ಇಲ್ಲೇ ಹಾಕ್ತೇನೆ.